ಊಟವಾದ ಮೇಲಿನ ಭಾಷಣ

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ನಿದ್ದೆ ಡಾಕ್ಟರ ಕಥೆಯೂ ಹಾಗೇ ಆಯಿತು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವುದು ಆಕೆಯ ಕೆಲಸ. ಬೀದಿಯವರ ಬಾಯಲ್ಲಿ ಆಕೆ ನಿದ್ದೆ ಡಾಕ್ಟರು. ಗಡಗಡ ನಡುಗುವವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಎರಡು ಮಾತಾಡಿ ಭಯ ಇಳಿಸುವುದರಲ್ಲಿ ಆಕೆಯದು ಎತ್ತಿದ ಕೈ. ಅದೇ ಮಾತನ್ನು ಅರಿವಳಿಕೆ ತಜ್ಞರ ಸಮ್ಮೇಳನದಲ್ಲಿ ವೇದಿಕೆ ಹತ್ತಿ ಹೇಳಬೇಕು ಎಂದಾಗ ಮಾತ್ರ ಕೈಕಾಲು ತಣ್ಣಗಾದವು. ಜೀವಮಾನದಲ್ಲಿ ಆಕೆ ಮೈಕು ಹಿಡಿದವಳಲ್ಲ.

ಬಿಟ್ಟುಬಿಡೋಣ ಎಂದರೆ ವಿಭಾಗದ ಮುಖ್ಯಸ್ಥರಿದ್ದಾರಲ್ಲ. ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಿದ್ದರು. "ಕಷ್ಟ ಆದ್ರೆ ಹೇಳಿಮ್ಮ, ನಾನೇ ಓದ್ಬಿಡ್ತೀನಿ. ಯಾರು ಓದಿದ್ರೇನು?" ಎಂದು ಬಾಯ್ತುಂಬ ಹೇಳಿ, ಪ್ರಬಂಧದ ಒಂದು ಪ್ರತಿಯನ್ನೂ ತೆಗೆಸಿಕೊಂಡಿದ್ದರು. ಯಾರು ಓದಿದರೇನು ಎನ್ನುವವರು ಯಾವಾಗಲೂ ಓದಲು ತುದಿಗಾಲಲ್ಲಿ ನಿಂತವರೇ. ವಾರ್ಡಿನಿಂದ ವಾರ್ಡಿಗೆ ಅಲೆದು, ರೋಗಿಗಳ ಜೊತೆ ಕೂತು, ಮಾತಿನಿಂದ ಎಷ್ಟು ಭಯ ಇಳಿಯಿತು, ನೆಮ್ಮದಿಯ ಔಷಧಿ ಎಷ್ಟು ಕಡಿಮೆ ಬೇಕಾಯಿತು ಎಂದು ಬರೆದಿಟ್ಟವಳು ಆಕೆ. ಅವರು ಓದಿದರೆ ನಾಳೆಯಿಂದ ಅದು ಅವರ ಕೆಲಸ. ಅದು ಆಕೆಗೂ ಗೊತ್ತು, ಅವರಿಗೂ ಗೊತ್ತು.

ಕೊನೆಗೆ ಆಕೆ ಅತ್ತೆಯ ಮೊರೆಹೋದಳು. ಅತ್ತೆ ರೇಡಿಯೋದಲ್ಲಿ ಉದ್ಘೋಷಕಿಯಾಗಿದ್ದು ನಿವೃತ್ತರಾದವರು. ಗಂಟಲು ಇನ್ನೂ ನಿವೃತ್ತವಾಗಿರಲಿಲ್ಲ. ಊಟದ ಮೇಜಿನ ಮೇಲೆ ಬಟಾಣಿ ಸುಲಿಯುತ್ತ, ಸೊಸೆ ಬರೆದ ಆರಂಭವನ್ನು ಓದಿಸಿಕೊಂಡರು.

"ಮಾನ್ಯ ಅಧ್ಯಕ್ಷರೇ, ಗೌರವಾನ್ವಿತ ಹಿರಿಯರೇ, ಶಸ್ತ್ರಚಿಕಿತ್ಸಾಪೂರ್ವ ಆತಂಕದ ನಿರ್ವಹಣೆಯಲ್ಲಿ ಸಂವಹನದ ಪಾತ್ರವನ್ನು ಕುರಿತಂತೆ ನಮ್ಮ ಸಂಸ್ಥೆಯಲ್ಲಿ ಕೈಗೊಳ್ಳಲಾದ…"

"ನಿಲ್ಸು ನಿಲ್ಸು," ಅಂದರು ಅತ್ತೆ. "ಇದನ್ನ ಪೂರ್ತಿ ಓದಿದ್ರೆ ನಿನಗೇ ಆಕ್ಸಿಜನ್ ಹಾಕ್ಬೇಕಾಗುತ್ತೆ. ಇದು ಕಣ್ಣಿಗೆ ಬರೆದಿದ್ದು ಕಣೇ, ಬಾಯಿಗೆ ಬರೆದಿದ್ದಲ್ಲ."

"ಮತ್ತೆ ಬಾಯಿಗೆ ಹೇಗೆ ಬರೀಬೇಕು ಅತ್ತೆ?"

"ಒಂದು ಉಸಿರಿಗೆ ಒಂದು ತುಂಡು. ತುಂಡು ಮುಗೀತಾ, ನಿಲ್ಲು. ಕೇಳೋರೂ ಉಸಿರಾಡ್ಲಿ. ಉಚ್ಚಾರ ಮಾಡುವಾಗ ನಾಲಿಗೆ ಎಡವಿದ್ರೆ ಆ ಪದ ತೆಗೆದುಹಾಕು. 'ನಾನು ಹೊಸಬಳು, ತಪ್ಪಾದ್ರೆ ಕ್ಷಮಿಸಿ' ಅಂತ ಮಾತ್ರ ಅನ್ಬೇಡ. ಅಲ್ಲಿವರೆಗೆ ತಪ್ಪು ಹುಡುಕದೇ ಇದ್ದೋರೂ ಹುಡುಕೋಕೆ ಶುರು ಮಾಡ್ತಾರೆ. ಈ ಮೊದಲಿನ ನಾಲ್ಕು ತುಂಡು ಬಾಯಿಪಾಠ ಆಗ್ಲಿ. ಆಮೇಲೆ ಪರದೆ ಮೇಲಿನ ಚಿತ್ರಗಳು ಕೈಹಿಡಿದು ನಡೆಸ್ತವೆ. ಇಡೀ ಸಭೆಗೆ ಮಾತಾಡ್ಬೇಡ, ಒಬ್ಬರ ಮುಖ ನೋಡ್ಕೊಂಡು ಮಾತಾಡು."

ಆ ಸಂಜೆ ಇಬ್ಬರೂ ಸೇರಿ ಬರೆದರು, ಅಥವಾ ಸೊಸೆ ಬರೆದಳು, ಅತ್ತೆ ಹೊಡೆದುಹಾಕಿದರು. ಮಾನ್ಯರೂ ಗೌರವಾನ್ವಿತರೂ ಬಟಾಣಿ ಸಿಪ್ಪೆಯ ಜೊತೆ ಬುಟ್ಟಿ ಸೇರಿದರು. ಆಮೇಲೆ ಸೊಸೆ ಅಡುಗೆಮನೆಯಲ್ಲಿ, ಸ್ನಾನದಮನೆಯಲ್ಲಿ, ಲಿಫ್ಟಿನಲ್ಲಿ ಗಟ್ಟಿಯಾಗಿ ಹೇಳಿಕೊಂಡು ಓಡಾಡಿದಳು. ಪಕ್ಕದ ಮನೆಯವರು ಆಕೆಯ ಗಂಡನನ್ನು ಕರೆದು, ಮನೆಯಲ್ಲಿ ಎಲ್ಲ ಸರಿ ಇದೆಯಲ್ಲ ಎಂದು ವಿಚಾರಿಸಿಕೊಂಡರು.

ಆಕೆಗೆ ಸಿಕ್ಕಿದ್ದು ಮಧ್ಯಾಹ್ನದ ಊಟವಾದ ಕೂಡಲೇ ಇರುವ ಸರದಿ. ಭಾಷಣಕಾರರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಸಭಾಂಗಣದಲ್ಲಿ ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ, ತುಂಬಿದ ಹೊಟ್ಟೆ. ಜನರನ್ನು ಮಲಗಿಸುವುದೇ ಕಸುಬಾದ ತಜ್ಞರು ಯಾರ ಸಹಾಯವೂ ಇಲ್ಲದೆ ತಾವೇ ತೂಗಾಡುತ್ತಿದ್ದರು. ಮೊದಲ ಸಾಲಿನಲ್ಲಿ ದೊಡ್ಡವರು ಮಾತ್ರ ಎಚ್ಚರವಾಗಿದ್ದರು, ತೊಡೆಯ ಮೇಲೆ ಪ್ರಬಂಧದ ಪ್ರತಿ ಇಟ್ಟುಕೊಂಡು.

ಆಕೆ ಮೈಕಿನ ಮುಂದೆ ನಿಂತಳು. ನೆತ್ತಿಯ ಮೇಲೆ ದೀಪ ಉರಿಯುತ್ತಿತ್ತು. ಬಾಯಿಪಾಠವಾಗಿದ್ದ ನಾಲ್ಕೂ ತುಂಡುಗಳು ಹೇಳದೆ ಕೇಳದೆ ಎದ್ದು ಹೋಗಿದ್ದವು. ಸಭೆ ಕಾಯಿತು. ದೊಡ್ಡವರು ಕೋಟಿನ ಗುಂಡಿ ಹಾಕಿಕೊಂಡು, ಕುರ್ಚಿಯ ಕೈ ಹಿಡಿದು ಮೆಲ್ಲಗೆ ಮೇಲೇಳತೊಡಗಿದರು.

ಒಬ್ಬರ ಮುಖ ನೋಡು ಎಂದಿದ್ದರು ಅತ್ತೆ. ಕಂಡದ್ದು ಅದೊಂದೇ ಮುಖ. ತಲೆಯ ಮೇಲೆ ದೀಪ, ಎದುರಿಗೆ ತನ್ನನ್ನೇ ನೋಡುವ ಒಬ್ಬ ಮನುಷ್ಯ. ಇಂಥ ಹೊತ್ತಿನಲ್ಲಿ ರೋಗಿಗೆ ದಿನವೂ ಆಡುವ ಮಾತೊಂದು ಆಕೆಯ ಬಾಯಲ್ಲಿ ತಾನಾಗಿ ಹೊರಟಿತು.

"ಕೂತ್ಕೊಳ್ಳಿ, ಭಯ ಪಡ್ಬೇಡಿ. ಕೊನೇ ಸಲ ಊಟ ಮಾಡಿದ್ದು ಎಷ್ಟು ಹೊತ್ತಿಗೆ?"

ದೊಡ್ಡವರು ಅರ್ಧ ಎದ್ದವರು ಹಾಗೇ ನಿಂತರು. ಡಾಕ್ಟರು ಕೇಳಿದರೆ ಯಾರ ಬಾಯಾದರೂ ತಾನಾಗಿ ಉತ್ತರ ಕೊಡುತ್ತದೆ. "ಈಗ ತಾನೇ ಮುಗಿಸ್ದೆ," ಎಂದರು, ಒಳ್ಳೆಯ ರೋಗಿಯ ಹಾಗೆ.

"ಹೊಟ್ಟೆ ತುಂಬ?"

"ಹೂಂ, ತುಂಬಾನೇ."

ಆಗ ಆಕೆಗೆ ತಾನೇನು ಕೇಳುತ್ತಿದ್ದೇನೆ ಎಂದು ಹೊಳೆಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅಷ್ಟರಲ್ಲಿ ಎರಡನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ಸದ್ದು ಕೇಳಿ ಆಕೆಯೊಳಗಿನ ತುಂಟಿ, ಇಷ್ಟು ದಿನ ಎಲ್ಲಿ ಅಡಗಿದ್ದಳೋ, ತಲೆಯೆತ್ತಿದಳು.

"ಹಾಗಾದ್ರೆ ನಿಯಮ ನಿಮಗೆಲ್ಲ ಗೊತ್ತೇ ಇದೆ," ಅಂದಳು ಸಭೆಗೆ. "ಹೊಟ್ಟೆ ತುಂಬಿದವರನ್ನ ನಾವು ಮಲಗಿಸೋ ಹಾಗಿಲ್ಲ. ದಯವಿಟ್ಟು ಯಾರೂ ನಿದ್ದೆ ಮಾಡ್ಬೇಡಿ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ತೂಗಾಡುತ್ತಿದ್ದ ತಲೆಗಳು ನೆಟ್ಟಗಾದವು. ದೊಡ್ಡವರಿಗೆ ಕೂರದೆ ಗತಿಯಿರಲಿಲ್ಲ. ನಗು ಇಳಿಯುವ ಹೊತ್ತಿಗೆ ಎದ್ದುಹೋಗಿದ್ದ ತುಂಡುಗಳು ಒಂದೊಂದಾಗಿ ಮರಳಿ ಬಂದವು. ಆಕೆ ಒಂದು ಉಸಿರಿಗೆ ಒಂದರಂತೆ ಹೇಳಿದಳು.

"ಮೊನ್ನೆ ಬೆಳಿಗ್ಗೆ ಒಬ್ಬರು ನನ್ನನ್ನ ಕೇಳಿದ್ರು: 'ಡಾಕ್ಟ್ರೇ, ನಾನು ಮತ್ತೆ ಏಳ್ತೀನಾ?'

"ನೆಮ್ಮದಿಗೆ ಅಂತ ಒಂದು ಇಂಜೆಕ್ಷನ್ ಕೊಡಬಹುದಿತ್ತು. ಅದು ಟ್ರೇಯಲ್ಲೇ ಇತ್ತು.

"ನಾನು ಕುರ್ಚಿ ಎಳ್ಕೊಂಡು ಕೂತೆ. ಏನು ಮಾಡ್ತೀವಿ, ಯಾರು ಪಕ್ಕದಲ್ಲಿರ್ತೀವಿ, ಎದ್ದಾಗ ಏನು ಕಾಣುತ್ತೆ, ಎಲ್ಲ ಹೇಳಿದೆ. ಅವರ ಮುಷ್ಟಿ ಸಡಿಲ ಆಯ್ತು. ಇಂಜೆಕ್ಷನ್ ಬೇಕಾಗ್ಲಿಲ್ಲ.

"ಎಲ್ಲರಿಗೂ ಹೀಗೇ ಆಗಲ್ಲ. ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ, ಅದನ್ನ ಇವತ್ತು ನಿಮಗೆ ತೋರಿಸ್ತೀನಿ."

ಮೊದಲ ಚಿತ್ರ ಪರದೆಯ ಮೇಲೆ ಬಂತು. ಅಲ್ಲಿಂದ ಮುಂದೆ ಆಕೆಗೆ ಹೆದರಲು ಪುರುಸೊತ್ತಾಗಲಿಲ್ಲ.

ಚಪ್ಪಾಳೆ ನಿಂತ ಮೇಲೆ ಪ್ರಶ್ನೆಗಳ ಸಮಯ. ದೊಡ್ಡವರು ಆಗಲೇ ಅಕ್ಕಪಕ್ಕದವರಿಗೆ, "ಆ ಊಟದ ತಮಾಷೆ ನಾವಿಬ್ರೂ ಮೊದಲೇ ಮಾತಾಡ್ಕೊಂಡಿದ್ವಿ," ಎಂದು ಹೇಳಿ ಮುಗಿಸಿದ್ದರು. ಹಿಂದಿನ ಸಾಲಿನಿಂದ ಒಬ್ಬ ವೈದ್ಯರು ಎದ್ದು, ಹಿರಿಯರನ್ನೇ ಕೇಳುವ ರೂಢಿಯಂತೆ, ದೊಡ್ಡವರನ್ನೇ ಕೇಳಿದರು: "ಸರ್, ಮಾತೇ ಬೇಡ ಅಂತ ಮುಖ ತಿರುಗಿಸೋ ರೋಗಿಗೆ ನೀವು ಏನು ಮಾಡ್ತೀರಿ?"

"ಒಳ್ಳೇ ಪ್ರಶ್ನೆ," ಎಂದು ದೊಡ್ಡವರು ಮೈಕು ಇಸಕೊಂಡು ಎದ್ದರು. ಇಷ್ಟೆಲ್ಲ ಆದ ಮೇಲೂ ಆಕೆಯ ಪ್ರಬಂಧ ಅವರ ಪಾಲಾಗುವ ಹಾಗಿತ್ತು. ಅವರು ಪುಟ ತಿರುವಿದರು, ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಸಭೆ ಕಾಯಿತು. ಕೊನೆಗೆ ವೇದಿಕೆಯ ಅಂಚಿಗೆ ಬಂದು ಮೈಕನ್ನು ಆಕೆಯತ್ತ ಚಾಚಿ, ಗುಟ್ಟಾಗಿ, ತೀರಾ ಮೆಲುದನಿಯಲ್ಲಿ ಹೇಳಿದರು:

"ನಾನು ಯಾವತ್ತೂ ರೋಗಿ ಪಕ್ಕ ಕೂತಿಲ್ಲಮ್ಮ. ನೀವೇ ಹೇಳಿ."

ಮೈಕು ಚಾಲೂ ಇತ್ತು.