ಗೇಟಿನ ಜಾಗದ ಬ್ಲಾಕುಗಳು

ಭರಮಸಾಗರದ ಹೆಣ್ಣುಮಕ್ಕಳ ಶಾಲೆಗೆ ರಸ್ತೆ ಕಡೆ ನೂರಿಪ್ಪತ್ತು ಅಡಿ ಕಾಂಪೌಂಡ್ ಏಳಬೇಕಿತ್ತು. ಊರವರು ಏಳುನೂರ ಮೂವತ್ತು ಸಿಮೆಂಟ್ ಬ್ಲಾಕು, ನಾಲ್ಕು ಮೂಟೆ ಸಿಮೆಂಟು ಕೊಡಿಸಿದ್ದರು.

"ಆರಡಿ ಎತ್ತರಕ್ಕೆ ಎಂಟುನೂರ ಹತ್ತು ಬ್ಲಾಕು, ಐದು ಮೂಟೆ ಬೇಕು ಮೇಡಂ. ಮೇಲಿನ ಒಂದು ವರಸೆ ಬಿಟ್ಬಿಡಾಣ," ಎಂದ ಮೇಸ್ತ್ರಿ ಕೊಟ್ರೇಶ್.

ಮುಖ್ಯೋಪಾಧ್ಯಾಯಿನಿ ಸರ್ವಮಂಗಳ ಮಂಕಾದರು. ದಾರಿಹೋಕರ ಕಣ್ಣು ತಪ್ಪಿಸಲೆಂದೇ ಅವರು ಆರಡಿ ಕೇಳಿದ್ದು.

ಹದಿನೈದು ವರ್ಷದಿಂದ ಗಾರೆ ಕಲಸುತ್ತಿದ್ದ ಉಚ್ಚಂಗೆಮ್ಮನಿಗೆ ಸುಮ್ಮನಿರಲಾಗಲಿಲ್ಲ.

"ಅಣ್ಣಾ, ವರಸೆಗೆ ತೊಂಬತ್ತರಂಗೆ ಒಂಬತ್ತು ವರಸೆ, ಅದು ಸರಿ. ಆದ್ರೆ ಹನ್ನೆರಡಡಿ ಗೇಟಿನ ಜಾಗಕ್ಕೂ ಬ್ಲಾಕು ಹಿಡಿದೀರಿ. ಅಲ್ಲೇ ಎಂಬತ್ತೊಂದು ಉಳಿತಾವೆ. ಆಗಲೇ ನಿಂತಿರೋ ನಾಲ್ಕು ಕಾಂಕ್ರೀಟ್ ಕಂಬದ ಜಾಗಕ್ಕೆ ಒಂಬತ್ತೊಂಬತ್ತು, ಮೂವತ್ತಾರು."

ಕೊಟ್ರೇಶ್ ಕುಕ್ಕರಗಾಲಲ್ಲಿ ಕೂತು ಮರಳಿನ ಮೇಲೆ ಕಳೆದು ನೋಡಿದ. ಆರುನೂರ ತೊಂಬತ್ಮೂರು ಬಂತು.

"ಒಡೆದು ಹೋಗೋ ಲೆಕ್ಕಕ್ಕೂ ಮೂವತ್ತೇಳು ಮಿಗ್ತಾವೆ," ಎಂದ.

"ಗೋಡೆ ಕಮ್ಮಿಯಾದ್ರೆ ಗಾರೆನೂ ಕಮ್ಮಿ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಹಾಕಿದ್ರೆ ನಾಲ್ಕು ಮೂಟೆ ಸಾಕು," ಎಂದಳು ಅವಳು.

ಅವನು ಬೈಯಬಹುದೆಂದು ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಕೊಟ್ರೇಶ್ ಎದ್ದು ಕೈ ಕೊಡವಿಕೊಂಡ.

"ನಾಳೆಯಿಂದ ಗಾರೆ ಬೇರೆಯವರು ಕಲಸ್ಲಿ ಉಚ್ಚಂಗೆಮ್ಮ. ನೀನು ನನ್ನ ಜೊತೆ ಗೋಡೆ ಕಟ್ಟು."

ಮರುದಿನ ಗೇಟಿನ ಜಾಗ ಬಿಟ್ಟು, ಮೊದಲ ವರಸೆಯ ಮೊದಲ ಬ್ಲಾಕನ್ನು ಮಟ್ಟಕ್ಕೆ ಕಟ್ಟಿದ ದಾರಕ್ಕೆ ಸರಿಯಾಗಿ ಕೂರಿಸಿದವಳು ಅವಳೇ.