ಅಫ್ಜಲನ ಸಹಿ ಬೇಡವಾದ ರಾಜಿ

ಅಣ್ಣ ಅಯೂಬನ ಬಲಗೈ ಮುರಿದ ದಿನ ಠಾಣೆಗೆ ಓಡಿ ಫಿರ್ಯಾದು ಕೊಟ್ಟವನು ಅಫ್ಜಲ. ಕಮತಗಿಯ ಗ್ಯಾರೇಜಿನಲ್ಲಿ ಅಯೂಬನೂ ಶಂಕರಲಿಂಗನೂ ಸಾಲಿ ಬಿಟ್ಟಾಗಿನಿಂದ ಜೋಡಿ. ಒಬ್ಬ ಎಂಜಿನ್ ಬಿಚ್ಚಿದರೆ ಇನ್ನೊಬ್ಬ ಕೇಳದೆಯೇ ಪಾನಾ ಕೈಗಿಡುತ್ತಿದ್ದ. ಒಂದು ದಿನ ಗಿರಾಕಿಗಳ ಎದುರಿಗೇ ಅಯೂಬ, "ನಿನ್ನ ಕೆಲಸದಿಂದ ಬ್ರೇಕ್ ಹಿಡೀಲಿಲ್ಲ, ಜೀವ ಹೋಗ್ತಿತ್ತು" ಎಂದುಬಿಟ್ಟ. ಶಂಕರಲಿಂಗನಿಗೆ ಮೈಯೆಲ್ಲ ಉರಿದು, ಎರಡೂ ಕೈಯಿಂದ ನೂಕಿದ. ಕಲ್ಲಿನ ಮೆಟ್ಟಿಲ ಮೇಲೆ ಬಿದ್ದ ಅಯೂಬನ ಎಲುಬು ಮುರಿಯಿತು.

ಆಮೇಲಿನ ತಿಂಗಳುಗಳೆಲ್ಲ ಅಫ್ಜಲನವೇ. ತನ್ನ ಮೊಬೈಲ್ ಅಂಗಡಿಗೆ ಬೀಗ ಹಾಕಿ ಗ್ಯಾರೇಜಿನಲ್ಲಿ ಕೂತ. ಅಣ್ಣನಿಗೆ ಸ್ನಾನ ಮಾಡಿಸಿದ, ರೊಟ್ಟಿ ಮುರಿದು ತಿನ್ನಿಸಿದ. ಚಿಕ್ಕಂದಿನಿಂದ ಆ ಇಬ್ಬರ ಹಿಂದೆ ಓಡಿ ಓಡಿ, "ನೀ ಮನಿಗೆ ಹೋಗಲೇ" ಎಂದು ಬೈಸಿಕೊಂಡವನಿಗೆ ಅಣ್ಣ ಈಗ ಪೂರ್ತಿ ಸಿಕ್ಕಿದ್ದ. ಕೈ ಕೂಡುತ್ತಾ ಬಂದಾಗ ಒಳಗೊಳಗೇ ಹೆದರಿಕೆಯೂ ಆಗಿತ್ತು.

ಹೆದರಿದ ಹಾಗೆಯೇ ಆಯಿತು. ಅಯೂಬ ಒಂದು ಸಂಜೆ, "ಕೇಸ್ ರಾಜಿ ಮಾಡ್ಕೊಳ್ತೇನಿ" ಎಂದ.

"ನಾ ಫಿರ್ಯಾದಿ. ನಾ ಸಹಿ ಮಾಡೂದಿಲ್ಲ, ಭಾಯಿ!"

ಮರುದಿನ ಹುನಗುಂದದ ಕೋರ್ಟಿನ ಬಳಿ ಅಣ್ಣನ ವಕೀಲೆ ಭುವನೇಶ್ವರಿಯವರ ಮುಂದೂ ಅದನ್ನೇ ಹೇಳಿದ. ಅವರು ಕನ್ನಡಕ ಮೇಲೆತ್ತಿ, "ಸುದ್ದಿ ಕೊಟ್ಟವರು ನೀವು, ಖರೆ. ಆದ್ರ ಪೆಟ್ಟು ತಿಂದವರು ನಿಮ್ಮಣ್ಣ. ಈ ಕೇಸಿನಾಗ ರಾಜಿ ಆಗೂ ಹಕ್ಕು ಅವರದಷ್ಟ ಐತಿ. ನಿಮ್ಮ ಸಹಿ ಬೇಕಿಲ್ರಿ" ಎಂದರು.

"ಅಂದ್ರ ಅವರಿಬ್ಬರು ಕೂಡಿದ್ರ ಮುಗೀತೇನ್ರಿ?"

"ಇಲ್ಲ. ಎಲುಬು ಮುರದೈತಲ್ಲ, ಕೋರ್ಟಿನ ಅನುಮತಿ ಬೇಕು. ಜಡ್ಜ್ ಮೇಡಂ ವಿಚಾರಿಸ್ತಾರ."

ವಿಚಾರಣೆಯ ದಿನ ಅಫ್ಜಲ ಹಿಂದಿನ ಬೆಂಚಿನಲ್ಲಿ ಕೂತ. ಮುಂದೆ ಅಯೂಬ, ಪಕ್ಕದಲ್ಲಿ ಶಂಕರಲಿಂಗ. ರಾಜಿ ಅರ್ಜಿಯ ಜೊತೆಗಿದ್ದ ಜಂಟಿ ಪ್ರಮಾಣಪತ್ರಕ್ಕೆ ಇಬ್ಬರೂ ಅಧಿಕಾರಿಯ ಎದುರು ಪ್ರಮಾಣ ಮಾಡಿ ಸಹಿ ಹಾಕಿದ್ದರು. ಹೊಸದಾಗಿ ಕೂಡಿದ ಕೈಯಿಂದ ಸಹಿ ಮಾಡುವಾಗ ಅಯೂಬನ ಬೆರಳು ನಡುಗಿತ್ತು. ಹಾಳೆ ಜಾರದಂತೆ ಶಂಕರಲಿಂಗ ಹಿಡಿದುಕೊಂಡಿದ್ದ. ಅದನ್ನು ಅಫ್ಜಲ ಬಾಗಿಲಲ್ಲಿ ನಿಂತು ಕಂಡಿದ್ದ. ಆ ಕೈಯನ್ನು ಇಷ್ಟು ದಿನ ಹಿಡಿದವನು ತಾನಲ್ಲವೇ?

ನ್ಯಾಯಾಧೀಶೆ ಅರ್ಜಿ ಓದಿ, ಸರ್ಕಾರಿ ವಕೀಲರ ಅಭಿಪ್ರಾಯ ಕೇಳಿದರು. ಅವರದೇನೂ ತಕರಾರಿರಲಿಲ್ಲ. ಆಮೇಲೆ ಅಯೂಬನ ಕಡೆ ತಿರುಗಿದರು. "ಸ್ವಂತ ಇಚ್ಛೆಯಿಂದ ರಾಜಿಯಾಗಿದ್ದೀರಾ? ಯಾರದಾದರೂ ಒತ್ತಡ ಇದೆಯೇ?"

ಅಯೂಬ ಬಾಯಿ ತೆರೆಯುವ ಮೊದಲೇ ಅಫ್ಜಲ ಎದ್ದು ನಿಂತಿದ್ದ. "ಐತ್ರಿ! ಅವ ಹೆದರಿಸ್ಯಾನ್ರಿ ನಮ್ಮಣ್ಣಗ!"

ನ್ಯಾಯಾಧೀಶೆ ಅರ್ಜಿಯನ್ನು ಕೆಳಗಿಟ್ಟರು. ಶಂಕರಲಿಂಗನನ್ನು ಹೊರಗೆ ಕಳಿಸಿದರು. "ಹೆದರಿಸಿದ್ದನ್ನು ನೀವು ನೋಡಿದಿರಾ? ಯಾವಾಗ, ಎಲ್ಲಿ?"

"ನೋಡಿಲ್ರಿ," ಎಂದ ಅಫ್ಜಲ.

"ನೀವು ಹೇಳಿ, ಅಯೂಬ. ಅವರು ಇಲ್ಲಿಲ್ಲ. ಹೆದರಬೇಡಿ."

ಅಯೂಬ ತಮ್ಮನ ಕಡೆ ನೋಡದೆ ಹೇಳಿದ. "ಯಾರೂ ಹೆದರಿಸಿಲ್ರಿ. ನಾನ ಅವನ ಮನಿಗೆ ಹೋಗಿದ್ನಿ. ಬಾಗಲಕೋಟಿ ದವಾಖಾನಿಗೆ, ಕೈ ವ್ಯಾಯಾಮಕ್ಕಂತ ಹೇಳಿ ಹೊರಡ್ತಿದ್ನಿ. ಬರೂ ಮುಂದ ಅವನ ಕಡೆ ಇಳೀತಿದ್ನಿ. ತಮ್ಮಗ ಹೇಳಿರಲಿಲ್ರಿ."

ಆ ಬಸ್ಸಿಗೆ ಪ್ರತಿ ಸಲ ಅಣ್ಣನನ್ನು ಹತ್ತಿಸಿದವನು ಅಫ್ಜಲ. ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟವನೂ ಅವನೇ. ಮತ್ತೆ ಬೆಂಚಿನ ಮೇಲೆ ಕೂತ.

ಶಂಕರಲಿಂಗನನ್ನು ಒಳಗೆ ಕರೆಸಿದರು. ಇಬ್ಬರ ಹೇಳಿಕೆಯನ್ನೂ ದಾಖಲಿಸಿಕೊಂಡ ನ್ಯಾಯಾಧೀಶೆ, ಅಫ್ಜಲನಿಗೆ "ಕಣ್ಣಾರೆ ಕಾಣದ್ದನ್ನು ಕೋರ್ಟಿನಲ್ಲಿ ಹೇಳಬಾರದು" ಎಂದು ಎಚ್ಚರಿಸಿ ರಾಜಿಗೆ ಅನುಮತಿ ಕೊಟ್ಟರು. ಆರೋಪಿ ಖುಲಾಸೆಯಾದ.

ಹೊರಗೆ ಬೇವಿನ ಮರದಡಿ ಅಯೂಬ ತಮ್ಮನ ಬಳಿ ಬಂದ. ಬೈಯುತ್ತಾನೆಂದುಕೊಂಡಿದ್ದ ಅಫ್ಜಲ. ಬೈಯಲಿಲ್ಲ.

"ನನಗ್ಯಾಕ ಹೇಳಲಿಲ್ಲ, ಭಾಯಿ?"

"ಹೇಳಿದ್ರ ಬಿಡ್ತಿದ್ದೇನು? ನೀ ನನ್ನ ಭಾಳ ಛಲೋ ನೋಡ್ಕೊಂಡಿ. ಉಸಿರು ಕಟ್ಟೂವಷ್ಟು ಛಲೋ."

ಶಂಕರಲಿಂಗ ಸ್ವಲ್ಪ ದೂರದಲ್ಲಿ ನಿಂತು, "ನಾಳಿ ಗ್ಯಾರೇಜಿಗೆ ಬಾರಪಾ. ನೀನೂ ಕೆಲಸ ಕಲ್ತಿ" ಎಂದ. ಅದು ಮನಸ್ಸಿನಿಂದ ಬಂದ ಮಾತೇ ಆಗಿತ್ತು. ಅದೇ ಅಫ್ಜಲನಿಗೆ ಹೆಚ್ಚು ಚುಚ್ಚಿತು. ಅಣ್ಣನ ಮಗ್ಗುಲಿಗೆ ತನ್ನನ್ನು ಕರೆಯಲು ಇವನು ಯಾರು? ಗ್ಯಾರೇಜಿನ ಕೀಲಿ ತೆಗೆದು ಅವನ ಅಂಗೈಗೆ ಹಾಕಿ, "ನನ್ನ ಅಂಗಡಿ ನನಗೈತಿ" ಎಂದು ಬಸ್ ನಿಲ್ದಾಣದ ಕಡೆ ನಡೆದ.

ಅಮೀನಗಡ ದಾಟಿದ ಮೇಲೆ ಅವರ ಬೈಕು ಬಸ್ಸನ್ನು ಹಿಂದೆ ಹಾಕಿತು. ಶಂಕರಲಿಂಗ ಏನೋ ಹೇಳಿದ್ದಕ್ಕೆ ಹಿಂದೆ ಕೂತ ಅಯೂಬ ತಲೆ ಎತ್ತಿ ನಗುತ್ತಿದ್ದ. ಆರು ತಿಂಗಳಲ್ಲಿ ಮನೆಯಲ್ಲಿ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಬೈಕು ಕಣ್ಮರೆಯಾಗುವವರೆಗೂ ಅಫ್ಜಲ ನೋಡಿದ. ನೋಡಬಾರದೆಂದುಕೊಂಡೇ ನೋಡಿದ.