ಎಡಗೈ ಮೇಲಿನ ನಿದ್ದೆ

ಸಕ್ಕರೆ ಕಾಯಿಲೆ ವಿಭಾಗದಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದೇನೆ. ಜನ ಸುಳ್ಳು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವತ್ತು ಬಂದಿದ್ದವರು ಒಬ್ಬ ಬಸ್ ಡ್ರೈವರ್. ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಸಕ್ಕರೆ ಹಠಾತ್ತನೆ ಇಳಿಯುವುದಿಲ್ಲವೆಂದು ಡಾಕ್ಟರ್ ಬರೆದುಕೊಟ್ಟರಷ್ಟೇ ಡಿಪೋದವರು ಮತ್ತೆ ಸ್ಟಿಯರಿಂಗ್ ಕೊಡುವುದು.

ಅವರ ಎಡತೋಳಿನ ಹಿಂಭಾಗದಲ್ಲಿ ಹದಿಮೂರು ದಿನದಿಂದ, ಸಕ್ಕರೆ ಅಳೆದು ಫೋನಿಗೆ ಕಳಿಸುವ ಸೆನ್ಸರ್ ಇತ್ತು. ಗ್ರಾಫ್ ನೋಡಿದರೆ ಪ್ರತಿ ರಾತ್ರಿಯೂ ಗುಂಡಿಗೆ ಬಿದ್ದಂತೆ ಐವತ್ತೈದು, ಐವತ್ತೆಂಟು. ಬೆಳಿಗ್ಗೆ ಮಾತ್ರ ಇನ್ನೂರೈವತ್ತು.

"ನಾನೇ ಕತ್ತಲಲ್ಲಿ ತಡಕಿ ಎಬ್ಬಿಸಿ ಜ್ಯೂಸ್ ಕುಡಿಸ್ತೀನಿ," ಅಂದರು ಜೊತೆಗೆ ಬಂದಿದ್ದ ಹೆಂಡತಿ. "ಎದ್ದು ಕೂತ ಸ್ವಲ್ಪ ಹೊತ್ತಿಗೇ ಏರುತ್ತೆ."

"ಜ್ಯೂಸಿಗಲ್ಲ, ಎದ್ದು ಕೂತಿದ್ದಕ್ಕೇ ಏರಿರಬಹುದು ಅಕ್ಕ. ಬೆರಳು ಚುಚ್ಚಿ ನೋಡಿದ್ರಾ?"

"ಮೊದಲ್ನೇ ದಿನ ನೋಡಿದ್ವಿ. ಸೆನ್ಸರ್ ಶುರುವಾಗೋಕೆ ಬೇಕಾದ ಒಂದು ಗಂಟೆ ವಾರ್ಮ್-ಅಪ್ ಮುಗೀತಿದ್ದಂಗೆ ಅರವತ್ತು ಅಂತು. ಎರಡು ಲೋಟ ಕುಡಿಸಿ ಚುಚ್ಚಿದ್ರೆ ಇನ್ನೂರ ತೊಂಬತ್ತು. ಆ ಬೆರಳು ಚುಚ್ಚೋ ಡಬ್ಬೀನೇ ಕೆಟ್ಟಿದೆ ಅಂತ ಬೀರು ಮೇಲಿಟ್ಟೆ."

ನಾನು ಹಣೆ ಚಚ್ಚಿಕೊಂಡೆ. ವಾರ್ಮ್-ಅಪ್ ಮುಗಿದರೂ ಮೊದಲ ದಿನ ಸೆನ್ಸರ್ ಮೈಗೆ ಹೊಂದಿಕೊಂಡಿರುವುದಿಲ್ಲ. ಆಗ ಬೆರಳಿನ ಲೆಕ್ಕವನ್ನೇ ನಂಬಬೇಕೆಂದು ಹೇಳಿದೆ.

"ಯಜಮಾನ್ರೇ, ಯಾವ ಮಗ್ಗುಲಲ್ಲಿ ಮಲಗ್ತೀರಿ?"

ಅವರು ಹೆಂಡತಿಯನ್ನು ಓರೆಗಣ್ಣಲ್ಲಿ ನೋಡಿದರು. "ಅಂಗಾತ. ಕಡ್ಡಿ ಇಟ್ಟಂಗೆ."

ಅಂಗಾತ ಮಲಗುವವರಾದರೆ ಸೆನ್ಸರ್ ಮೇಲೆ ಮೈಭಾರ ಬೀಳುವುದಿಲ್ಲ, ಆ ಇಳಿತ ನಿಜವೆಂದೇ ಅರ್ಥ. ಡಾಕ್ಟರ್ ರಾತ್ರಿಯ ಇನ್ಸುಲಿನ್ ಕಡಿಮೆ ಮಾಡುತ್ತಾರೆ, ಡಿಪೋ ಬಸ್ಸನ್ನು ಬೇರೆಯವರಿಗೆ ಕೊಡುತ್ತದೆ. ಅಷ್ಟು ಹೇಳಿದರೂ ಅವರು ಅಂಗಾತವೆಂದೇ ಹಠ ಹಿಡಿದರು. ಸರಿ, ಮಲಗಿ ತೋರಿಸಿ ಎಂದು ಮಂಚ ತೋರಿಸಿದೆ.

ಅಂಗಾತವೇ ಮಲಗಿದರು. ದಿನಾ ಅರ್ಧ ನಿದ್ದೆಯಲ್ಲಿ ಜ್ಯೂಸ್ ಕುಡಿಯುವ ಮನುಷ್ಯ. ಎರಡೇ ನಿಮಿಷಕ್ಕೆ ನಿದ್ದೆ ಹೋದರು. ನಿದ್ದೆಯಲ್ಲೇ ಎಡಕ್ಕೆ ಹೊರಳಿ, ಸೆನ್ಸರನ್ನು ಮೈಭಾರದಡಿ ಒತ್ತಿ, ತಲೆಯಡಿಯ ದಿಂಬನ್ನು ಎಳೆದು ಬಲಗಿವಿಯ ಮೇಲೆ ಮುಚ್ಚಿಕೊಂಡರು. ಇಪ್ಪತ್ತು ನಿಮಿಷಕ್ಕೆ ಫೋನ್ ಬಡಿದುಕೊಂಡಿತು: ಅರವತ್ಮೂರು. ಹೆಂಡತಿ ಚೀಲದಿಂದ ಜ್ಯೂಸ್ ಬಾಟಲಿ ಎಳೆದರು. ನಾನು ಅದನ್ನು ಕಸಿದು ಯಜಮಾನರ ಬೆರಳು ಚುಚ್ಚಿದೆ: ನೂರ ಮೂವತ್ತೈದು.

"ಒತ್ತಿದ ಜಾಗದಲ್ಲಿ ಸೆನ್ಸರ್ ಸುಳ್ಳು ಇಳಿತ ತೋರಿಸುತ್ತೆ. ಹೊಸದನ್ನ ಬಲತೋಳಿಗೆ ಹಾಕೋಣ. ಬೆರಳಿನ ಲೆಕ್ಕದ ಜೊತೆ ಡಾಕ್ಟರ್ ನೋಡಿ ಬರೀತಾರೆ," ಅಂದೆ. ನನಗೆ ಗೆದ್ದಷ್ಟು ಖುಷಿ.

ಹೆಂಡತಿಗೆ ಅದ್ಯಾವುದೂ ಬೇಕಿರಲಿಲ್ಲ. "ರೀ, ಕಿವಿ ಮೇಲೆ ದಿಂಬು ಯಾಕೆ?"

ಅವರು ಗೋಡೆ ನೋಡಿಕೊಂಡು ಹೇಳಿದರು: "ನಿನ್ನ ಗೊರಕೆಗೆ. ಇಪ್ಪತ್ತೆರಡು ವರ್ಷದ ಅಭ್ಯಾಸ."

ನಾನು ನಗು ತಡೆಯಲು ಹತ್ತಿಯ ಡಬ್ಬಿಯಲ್ಲಿ ಏನೋ ಹುಡುಕಿದೆ.

"ಈ ಹದಿಮೂರು ರಾತ್ರಿ ಗೊರಕೆ ಕೇಳಿಸ್ತಾ?" ಅಂದರು ಆಕೆ.

"ಇಲ್ಲ."

"ರಾತ್ರಿಯೆಲ್ಲ ಫೋನಲ್ಲಿ ನಿಮ್ಮ ಅಂಕಿ ನೋಡ್ತಾ ಕೂತಿದ್ದೆ. ಮಲಗಿದ್ರೆ ತಾನೇ ಗೊರಕೆ?"

ಅವರು ಮಂಚದಿಂದ ಇಳಿದು, ದಿಂಬು ಸರಿಮಾಡಿ, ಹೆಂಡತಿಯನ್ನು ಅಲ್ಲಿ ಮಲಗಿಸಿದರು. ಹೊರಗೆ ಒಂಬತ್ತು ಜನ ಕಾಯುತ್ತಿದ್ದರು. ನಾನು ಬಾಗಿಲು ಹಾಕಿದೆ.